ಸಣ್ಣ ಕ್ಲಿನಿಕ್‌ನ ಕಾರ್ಯ ನಿರಂತರತಾ ಯೋಜನೆ

ಕರೆಂಟ್ ಹೋದಾಗ, ಸಿಬ್ಬಂದಿ ಬಾರದಿದ್ದಾಗ ಅಥವಾ ದಾಖಲೆಗಳು ಅಳಿಸಿಹೋದಾಗ ಕ್ಲಿನಿಕ್‌ನಲ್ಲಿ ಯಾವ ಕೆಲಸ ನಡೆಯಬೇಕು, ಯಾವುದನ್ನು ಮುಂದೂಡಬಹುದು, ಯಾರು ಏನು ಮಾಡಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳುವ ಕ್ರಮವೇ ಕಾರ್ಯ ನಿರಂತರತಾ ಯೋಜನೆ. ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ರಿಸೆಪ್ಷನಿಸ್ಟ್ ಇರುವ ಮಲೆನಾಡಿನ ಕ್ಲಿನಿಕ್ಕೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ವಿದ್ಯುತ್ ಕಡಿತ

12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 1,800 ವಾಟ್-ಅವರ್ ಶಕ್ತಿ ಇರುತ್ತದೆ. ಇನ್ವರ್ಟರ್‌ನ ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ ಸುಮಾರು 1,100 ಸಿಗುತ್ತದೆ. ದೀಪ, ಒಂದು ಫ್ಯಾನ್, ಲ್ಯಾಪ್‌ಟಾಪ್ ಮತ್ತು ರೌಟರ್ ಸೇರಿ 150 ವಾಟ್ ಎಳೆದರೆ ಅದು ಏಳು ಗಂಟೆ ಬರುತ್ತದೆ. ಬ್ಯಾಟರಿ ಹಳೆಯದಾದಂತೆ ಈ ಅವಧಿ ಕುಗ್ಗುವುದರಿಂದ ಆಗಾಗ ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷಿಸಬೇಕು. ಹೆಚ್ಚು ವಾಟ್ ಬೇಡುವ ಆಟೋಕ್ಲೇವ್ ಇದರಲ್ಲಿ ನಡೆಯದು. ಒಂದು ದಿನಕ್ಕೆ ಸಾಲುವಷ್ಟು ಸ್ಟೆರಿಲೈಸ್ ಮಾಡಿದ ಉಪಕರಣಗಳನ್ನು ಸಿದ್ಧವಾಗಿಡಬೇಕು.

ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಕರೆಂಟ್ ಹೋದೊಡನೆ ಫ್ರಿಜ್‌ನ ಬಾಗಿಲು ತೆರೆಯುವುದನ್ನು ನಿಲ್ಲಿಸಿ, ಹೊರಗಿನಿಂದಲೇ ಓದಬಹುದಾದ ಥರ್ಮಾಮೀಟರ್‌ನ ಅಂಕಿಯನ್ನು ಬರೆದುಕೊಳ್ಳುತ್ತಾ ಹೋಗಬೇಕು. ಉಷ್ಣತೆ 8ರ ಹತ್ತಿರ ಬಂದರೆ ಲಸಿಕೆಗಳನ್ನು ಐಸ್ ಪ್ಯಾಕ್ ಇರುವ ವ್ಯಾಕ್ಸಿನ್ ಕ್ಯಾರಿಯರ್‌ಗೆ ವರ್ಗಾಯಿಸಬೇಕು. ಪ್ಯಾಕ್ ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಬೇಕು. ಕಲ್ಲಿನಂತೆ ಗಟ್ಟಿಯಾದ ಪ್ಯಾಕ್ ತಗುಲಿದರೆ ಹೆಪಟೈಟಿಸ್ ಬಿ, ಟಿಡಿ ಮುಂತಾದ ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ.

ಸಿಬ್ಬಂದಿಯ ಗೈರುಹಾಜರಿ

ನರ್ಸ್ ಬಾರದ ದಿನ ಲಸಿಕೆ ಹಾಕುವುದನ್ನು ಮುಂದೂಡಿ, ತುರ್ತು ಇಂಜೆಕ್ಷನ್ ಮತ್ತು ಡ್ರೆಸ್ಸಿಂಗ್ ಅನ್ನು ವೈದ್ಯರೇ ನೋಡಿಕೊಳ್ಳಬಹುದು. ರಿಸೆಪ್ಷನಿಸ್ಟ್ ಇಲ್ಲದಿದ್ದರೆ ಟೋಕನ್ ಕೊಡುವ ಕೆಲಸ ನರ್ಸ್‌ಗೆ ಹೋಗುತ್ತದೆ. ವೈದ್ಯರ ಜಾಗವನ್ನು ಮಾತ್ರ ಸಿಬ್ಬಂದಿ ತುಂಬುವಂತಿಲ್ಲ. ಬದಲಿಗೆ ಬರಲು ಒಪ್ಪಿರುವ ನೋಂದಾಯಿತ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಮತ್ತು ಫೋನ್ ನಂಬರ್ ಯೋಜನೆಯಲ್ಲಿರಬೇಕು. ಬೀಗದ ಕೈ ಮತ್ತು ಪಾಸ್‌ವರ್ಡ್ ಒಬ್ಬರಲ್ಲೇ ಉಳಿದರೆ ಅವರು ರಜೆ ಹಾಕಿದ ದಿನ ಕ್ಲಿನಿಕ್ಕೇ ನಿಲ್ಲುತ್ತದೆ.

ದಾಖಲೆಗಳ ಮರುಪಡೆಯುವಿಕೆ

ದಾಖಲೆಗಳ ಮೂರು ಪ್ರತಿಗಳಿರಬೇಕು: ಕಂಪ್ಯೂಟರ್‌ನಲ್ಲಿ ಒಂದು, ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲಿನಿಕ್‌ನಿಂದ ಹೊರಗೆ ಒಂದು. ಹಾರ್ಡ್ ಡಿಸ್ಕ್ ಸದಾ ಜೋಡಿಸಿಯೇ ಇದ್ದರೆ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡಬಲ್ಲದು. ಬ್ಯಾಕಪ್ ಮುಗಿದ ಕೂಡಲೇ ಅದನ್ನು ಕಳಚಬೇಕು.

ಪ್ರತಿ ರಾತ್ರಿ ಬ್ಯಾಕಪ್ ಆಗುವ ಕ್ಲಿನಿಕ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರ್ ಕೆಟ್ಟಿತೆಂದುಕೊಳ್ಳೋಣ. ಹಿಂದಿನ ರಾತ್ರಿಯವರೆಗಿನ ದಾಖಲೆ ಇನ್ನೊಂದು ಲ್ಯಾಪ್‌ಟಾಪ್‌ಗೆ ಮರಳುತ್ತದೆ. ಬೆಳಗಿನ ರೋಗಿಗಳ ವಿವರ ಕ್ರಮಸಂಖ್ಯೆ ಮುದ್ರಿಸಿದ ಔಷಧ ಚೀಟಿಗಳ ಕಾರ್ಬನ್ ಪ್ರತಿಯಿಂದ ಸಿಗುತ್ತದೆ. 41ರ ನಂತರ 43 ಬಂದರೆ ಒಂದು ಚೀಟಿ ಕಾಣೆಯಾಗಿದೆ ಎಂದು ತಿಳಿಯುತ್ತದೆ. ಮತ್ತೆ ದಾಖಲಿಸುವಾಗ ರೋಗಿ ಬಂದ ದಿನ, ವಿವರ ಸೇರಿಸಿದ ದಿನ ಎರಡನ್ನೂ ನಮೂದಿಸಬೇಕು.

ಬ್ಯಾಕಪ್ ಯಶಸ್ವಿ ಎಂಬ ಸಂದೇಶವನ್ನಷ್ಟೇ ನಂಬುವಂತಿಲ್ಲ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಕೆಲವು ರೋಗಿಗಳ ಅಲರ್ಜಿ, ಔಷಧ ಮತ್ತು ಕೊನೆಯ ಭೇಟಿಯ ವಿವರಗಳನ್ನು ಮೂಲದೊಂದಿಗೆ ತಾಳೆ ನೋಡಬೇಕು.