ಮಂಜುಗಡ್ಡೆ, ನೀರು, ಹಬೆ: ಆರನೇ ತರಗತಿಗೆ ಅಡುಗೆಮನೆಯಿಂದಲೇ ದ್ರವ್ಯದ ಪಾಠ

ಘನ, ದ್ರವ, ಅನಿಲ ಎಂಬ ಮೂರು ಪದಗಳನ್ನು ಬಾಯಿಪಾಠ ಮಾಡಿಸುವುದು ಸುಲಭ. ಆದರೆ ‘ಕುದಿಯುವ ಪಾತ್ರೆಯ ಮೇಲೆ ಕಾಣುವ ಬಿಳಿ ಹೊಗೆ ಯಾವ ಸ್ಥಿತಿಯಲ್ಲಿದೆ?’ ಎಂದು ಕೇಳಿದೊಡನೆ ತರಗತಿಯ ಬಹುಪಾಲು ಮಕ್ಕಳು ‘ಅನಿಲ’ ಎಂದೇ ಉತ್ತರಿಸುತ್ತಾರೆ. ಆ ಉತ್ತರ ತಪ್ಪು. ಎನ್‌ಸಿಇಆರ್‌ಟಿ 2024ರಲ್ಲಿ ಹೊರತಂದ ಆರನೇ ತರಗತಿಯ ವಿಜ್ಞಾನ ಪುಸ್ತಕ ‘ಕ್ಯೂರಿಯಾಸಿಟಿ’ಯಲ್ಲಿ ನೀರಿನ ಸ್ಥಿತಿಗಳಿಗೆಂದೇ ಒಂದು ಅಧ್ಯಾಯವಿದೆ. ಅದನ್ನು ಪ್ರಯೋಗಾಲಯವಿಲ್ಲದ ಶಾಲೆಯಲ್ಲೂ ಕಲಿಸಲು ಒಂದು ಒಲೆ, ಅಡುಗೆಮನೆಯ ತಕ್ಕಡಿ, ಒಂದಿಷ್ಟು ಮಂಜುಗಡ್ಡೆ ಮತ್ತು ಒಂದು ಥರ್ಮಾಮೀಟರ್ ಸಾಕು.

ಥರ್ಮಾಮೀಟರ್ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಅದರ ಅಳತೆ ಸುಮಾರು 35ರಿಂದ 42 ಡಿಗ್ರಿಯೊಳಗೇ ಮುಗಿಯುತ್ತದೆ, ಬಿಸಿನೀರಿಗೆ ಹಾಕಿದರೆ ಒಡೆಯುತ್ತದೆ. ಮೈನಸ್ 10ರಿಂದ 110 ಡಿಗ್ರಿ ಸೆಲ್ಸಿಯಸ್‌ವರೆಗೆ ತೋರಿಸುವ, ಕೆಂಪು ದ್ರವವಿರುವ ಪ್ರಯೋಗಾಲಯದ ಥರ್ಮಾಮೀಟರನ್ನೇ ಬಳಸಬೇಕು.

ಕರಗುವಾಗ ಏರದ ಉಷ್ಣತೆ

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಜಜ್ಜಿ, ಸ್ವಲ್ಪ ತಣ್ಣೀರು ಬೆರೆಸಿ ಲೋಟಕ್ಕೆ ಹಾಕಬೇಕು. ಚಮಚದಿಂದ ಕಲಕುತ್ತಾ ಎರಡು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಮಕ್ಕಳಿಂದಲೇ ಬರೆಸಬೇಕು. ಒಳಗೆ ಮಂಜುಗಡ್ಡೆ ಇರುವಷ್ಟು ಹೊತ್ತೂ ಅಳತೆ 0 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ; ಕೊನೆಯ ಚೂರು ಕರಗಿದ ಮೇಲಷ್ಟೇ ಏರತೊಡಗುತ್ತದೆ. ಮೂರು ನಾಲ್ಕು ಡಿಗ್ರಿ ಕಂಡುಬಂದರೆ ಕಲಕುವುದು ಸಾಲದು ಎಂದೋ, ಥರ್ಮಾಮೀಟರಿನ ಬುರುಡೆ ಲೋಟದ ತಳಕ್ಕೆ ತಾಗಿದೆ ಎಂದೋ ತಿಳಿಯಬೇಕು.

ಸುತ್ತಲ ಗಾಳಿಯಿಂದ ಶಾಖ ಒಳಬರುತ್ತಲೇ ಇದ್ದರೂ ಉಷ್ಣತೆ ಏಕೆ ಏರುವುದಿಲ್ಲ? ಈ ಪ್ರಶ್ನೆಗೆ ಉತ್ತರವಾಗಿ ಒಂದು ಬೆರೆಸುವ ಪ್ರಯೋಗವಿದೆ. 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಗುಪ್ತೋಷ್ಣದ ಪರಿಕಲ್ಪನೆಯನ್ನು ರೂಪಿಸಿದ್ದು ಇಂಥ ಪ್ರಯೋಗಗಳ ಮೂಲಕವೇ.

ಎರಡು ಥರ್ಮೋಕೋಲ್ ಲೋಟಗಳನ್ನು ತೆಗೆದುಕೊಳ್ಳಬೇಕು. ಮೊದಲನೆಯದರಲ್ಲಿ 50 ಗ್ರಾಂ ಮಂಜುಗಡ್ಡೆಯ ಚೂರು. ಎರಡನೆಯದರಲ್ಲಿ ಮಂಜುಗಡ್ಡೆಯ ನೀರನ್ನು ಸೋಸಿ ತೆಗೆದ, ಹೆಚ್ಚುಕಡಿಮೆ 0 ಡಿಗ್ರಿಯ 50 ಗ್ರಾಂ ತಣ್ಣೀರು. ಎರಡಕ್ಕೂ 40 ಡಿಗ್ರಿಯ, ಅಂದರೆ ಸ್ನಾನದ ನೀರಿನಷ್ಟು ಬೆಚ್ಚಗಿನ, 100 ಗ್ರಾಂ ನೀರು ಸುರಿದು ಕಲಕಬೇಕು. ತಣ್ಣೀರಿನ ಲೋಟ ಸುಮಾರು 27 ಡಿಗ್ರಿ ತೋರಿಸುತ್ತದೆ. ಮಂಜುಗಡ್ಡೆಯ ಲೋಟ 0ಯ ಹತ್ತಿರಕ್ಕೆ ಇಳಿಯುತ್ತದೆ. ಎರಡರಲ್ಲೂ ಆರಂಭದ ಉಷ್ಣತೆಗಳು ಒಂದೇ, ತೂಕಗಳೂ ಒಂದೇ. ವ್ಯತ್ಯಾಸವಿದ್ದುದು ಸ್ಥಿತಿಯಲ್ಲಿ ಮಾತ್ರ.

ಲೆಕ್ಕವೂ ಸರಳ. 100 ಗ್ರಾಂ ನೀರು 40 ಡಿಗ್ರಿಯಿಂದ 0ಗೆ ಇಳಿಯುವಾಗ 4,000 ಕ್ಯಾಲೊರಿ ಶಾಖ ಬಿಟ್ಟುಕೊಡುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಬೇಕಾದ್ದರಿಂದ 50 ಗ್ರಾಂ ಕರಗಲು ಬೇಕಾದುದೂ 4,000. ಬಂದ ಶಾಖವೆಲ್ಲ ಕಣಗಳ ಬಿಗಿ ಜೋಡಣೆಯನ್ನು ಸಡಿಲಿಸುವುದಕ್ಕೇ ವೆಚ್ಚವಾಗಿ, ನೀರನ್ನು ಬೆಚ್ಚಗೆ ಮಾಡಲು ಏನೂ ಉಳಿಯುವುದಿಲ್ಲ. ಆರನೇ ತರಗತಿಗೆ ಕ್ಯಾಲೊರಿಯ ಲೆಕ್ಕ ಬೇಕಿಲ್ಲ, ಎರಡು ಲೋಟಗಳಲ್ಲಿ ಬೆರಳಿಟ್ಟು ನೋಡಿದರೆ ಸಾಕು. ಲೆಕ್ಕ ಇರುವುದು ಶಿಕ್ಷಕರಿಗಾಗಿ.

ಪ್ರಯೋಗ ಕೈಕೊಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಒದ್ದೆ ಮಂಜುಗಡ್ಡೆಯನ್ನು ಹಾಗೆಯೇ ತೂಗಿದರೆ ಆ 50 ಗ್ರಾಂನಲ್ಲಿ ಹತ್ತು ಗ್ರಾಂ ಆಗಲೇ ನೀರಾಗಿರಬಹುದು. ಆಗ ಫಲಿತಾಂಶ ಐದು ಡಿಗ್ರಿ ದಾಟುತ್ತದೆ. ಚೂರುಗಳನ್ನು ಒಣಬಟ್ಟೆಯಲ್ಲಿ ಒರೆಸಿ ಕೂಡಲೇ ತೂಗಬೇಕು. ಹಾಗೆಂದು ಫ್ರೀಜರಿನಿಂದ ಆಗಷ್ಟೇ ತೆಗೆದದ್ದೂ ಆಗದು. ಅದು 0ಗಿಂತ ಬಹಳ ಕೆಳಗಿರುವುದರಿಂದ ಕೊನೆಯಲ್ಲಿ ಚೂರುಗಳು ಕರಗದೆ ಉಳಿಯುತ್ತವೆ.

ಬೆಂಗಳೂರಿನಲ್ಲಿ 100 ಡಿಗ್ರಿ ಏಕಿಲ್ಲ?

ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಆದರೆ ಬೆಂಗಳೂರಿನ ಶಾಲೆಯಲ್ಲಿ ಕೊತಕೊತ ಕುದಿಯುವ ನೀರಿಗೆ ಥರ್ಮಾಮೀಟರ್ ಇಟ್ಟರೆ 97ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಎಂದುಕೊಂಡು ನೋಟ್ ಪುಸ್ತಕದಲ್ಲಿ 100 ಎಂದು ಬರೆಸುವ ರೂಢಿ ಸರಿಯಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಕಡಲತೀರದ ಶಾಲೆಯಲ್ಲಿ 100 ಬರುತ್ತದೆ, ಮಡಿಕೇರಿಯಲ್ಲಿ 96ರ ಹತ್ತಿರ. ಬೇರೆ ಬೇರೆ ಊರಿನ ಎರಡು ಶಾಲೆಗಳು ಅಳತೆಗಳನ್ನು ಹೋಲಿಸಿಕೊಂಡರೆ ಪಾಠ ಇನ್ನಷ್ಟು ರುಚಿಸುತ್ತದೆ. ಥರ್ಮಾಮೀಟರ್ ನಿಜವಾಗಿಯೂ ಸರಿಯಿದೆಯೇ ಎಂಬ ಅನುಮಾನವಿದ್ದರೆ ಮಂಜುಗಡ್ಡೆಯ ಲೋಟದಲ್ಲಿ ಅದು 0 ತೋರಿಸಿತ್ತೇ ಎಂದು ನೋಡಿಕೊಳ್ಳಬಹುದು.

ಕುದಿಯುವಾಗಲೂ ಅಷ್ಟೇ, ಉರಿ ಹೆಚ್ಚಿಸಿದರೆ ನೀರು ಬೇಗ ಆರಿಹೋಗುತ್ತದೆಯೇ ಹೊರತು ಉಷ್ಣತೆ ಏರುವುದಿಲ್ಲ.

ಇನ್ನು ಬಿಳಿ ಹೊಗೆಯ ವಿಚಾರ. ಮೂತಿಯಿರುವ ಕೆಟಲ್‌ನಲ್ಲಿ ನೀರು ಕುದಿಸಿ, ಮೂತಿಯನ್ನು ಪಕ್ಕದಿಂದ ಗಮನಿಸಲು ಹೇಳಬೇಕು. ಮೂತಿಯ ತುದಿಗೂ ಬಿಳಿ ಮೋಡಕ್ಕೂ ನಡುವೆ ಏನೂ ಕಾಣದ ಒಂದಿಷ್ಟು ಜಾಗವಿರುತ್ತದೆ. ಕಣ್ಣಿಗೆ ಕಾಣದ ನಿಜವಾದ ನೀರಾವಿ ಇರುವುದು ಆ ಖಾಲಿ ಜಾಗದಲ್ಲಿಯೇ. ಅದು ಹೊರಗಿನ ಗಾಳಿಗೆ ತಣ್ಣಗಾಗಿ ಪುಟ್ಟ ಹನಿಗಳಾದಾಗ ಬಿಳಿಯಾಗಿ ಕಾಣಿಸುತ್ತದೆ. ಆದ್ದರಿಂದ ಆ ಬಿಳುಪು ದ್ರವವೇ. ಸ್ವಲ್ಪ ಮೇಲೆ ಹನಿಗಳು ಮತ್ತೆ ಆವಿಯಾಗಿ ಕಣ್ಮರೆಯಾಗುತ್ತವೆ. ಆಡುಮಾತಿನಲ್ಲಿ ಎರಡಕ್ಕೂ ಹಬೆ ಎನ್ನುವುದರಿಂದಲೇ ಗೊಂದಲ ಹೆಚ್ಚಿದೆ. ಪಾಠದ ಮಟ್ಟಿಗಾದರೂ ಕಾಣುವುದಕ್ಕೆ ಹಬೆ, ಕಾಣದ್ದಕ್ಕೆ ನೀರಾವಿ ಎಂದು ಬೇರ್ಪಡಿಸುವುದು ಲೇಸು. ಮೂತಿಯ ಬಳಿ ಕೈ ಒಡ್ಡಲು ಯಾರಿಗೂ ಬಿಡಕೂಡದು. ನೀರಾವಿ ಚರ್ಮದ ಮೇಲೆ ನೀರಾಗುವಾಗ ಗ್ರಾಂಗೆ ಸುಮಾರು 540 ಕ್ಯಾಲೊರಿ ಬಿಡುತ್ತದೆ. ಕುದಿನೀರಿಗಿಂತ ಅದರ ಸುಟ್ಟಗಾಯ ಕೆಟ್ಟದು. ಈ ಭಾಗವನ್ನು ಶಿಕ್ಷಕರೇ ಮಾಡಿ ತೋರಿಸಬೇಕು. ಕುಕ್ಕರ್ ಬಳಸುವುದೇ ಬೇಡ.

ಬೆವರುವ ಲೋಟ, ಹರಿಯುವ ರವೆ

ತಣ್ಣೀರಿನ ಲೋಟದ ಹೊರಮೈಯಲ್ಲಿ ಮೂಡುವ ಹನಿ ಒಳಗಿನಿಂದ ಜಿನುಗಿದ್ದೆಂದು ನಂಬುವ ಮಕ್ಕಳಿಗೆ ವಾದ ಮಾಡಿ ಪ್ರಯೋಜನವಿಲ್ಲ. ಒಳಗಿನ ನೀರಿಗೆ ಅರಿಶಿನ ಬೆರೆಸಿದರೆ ಹೊರಗಿನ ಹನಿ ತಿಳಿಯಾಗಿಯೇ ಇರುತ್ತದೆ. ಲೋಟವನ್ನು ತಕ್ಕಡಿಯ ಮೇಲೆ ಬಿಟ್ಟರೆ ತೂಕ ಒಂದೆರಡು ಗ್ರಾಂ ಏರುವುದನ್ನೂ ಕಾಣಬಹುದು. ಜಿನುಗಿದ್ದೇ ಆಗಿದ್ದರೆ ಏರಬಾರದಿತ್ತು. ಬಯಲುಸೀಮೆಯ ಬಿರುಬೇಸಿಗೆಯಲ್ಲಿ ಗಾಳಿ ಒಣಗಿರುವುದರಿಂದ ಹನಿ ಮೂಡದೇ ಇರಬಹುದು, ಮಳೆಗಾಲ ಇದಕ್ಕೆ ಸೂಕ್ತ.

ಬಟ್ಟಲಿನಿಂದ ಬಟ್ಟಲಿಗೆ ಸುರಿಯಬಹುದಾದ ರವೆಯೂ ಸಕ್ಕರೆಯೂ ದ್ರವವೇ ಎಂಬ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ. ತಟ್ಟೆಗೆ ಸುರಿದಾಗ ರವೆ ಗುಡ್ಡೆಯಾಗಿ ನಿಲ್ಲುತ್ತದೆ, ನೀರು ತಾನಾಗಿ ಸಮತಟ್ಟಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಕಾಳೂ ತನ್ನ ಆಕಾರ ಬಿಟ್ಟಿಲ್ಲವೆಂಬುದು ತಿಳಿಯುತ್ತದೆ. ತುಪ್ಪ ಇದಕ್ಕಿಂತ ತೊಡಕಿನದು. ಹಲವು ಬಗೆಯ ಕೊಬ್ಬುಗಳ ಮಿಶ್ರಣವಾದ್ದರಿಂದ ಅದಕ್ಕೆ ಮಂಜುಗಡ್ಡೆಯಂತೆ ಒಂದೇ ಖಚಿತ ಕರಗುವ ಬಿಂದುವಿಲ್ಲ. ಡಬ್ಬಿಯೊಳಗೆ ಅರ್ಧ ಹರಳು, ಅರ್ಧ ದ್ರವವಾಗಿ ದಿನಗಟ್ಟಲೆ ಇರಬಲ್ಲದು. ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದೇ ಮೇಲು.