ಕೆನೊ, ಸ್ಕ್ರ್ಯಾಚ್ ಕಾರ್ಡ್: ಬಹುಮಾನ ಪಟ್ಟಿಯ ಹಿಂದಿನ ಲೆಕ್ಕ

‘ಸರಾಸರಿ ನಾಲ್ಕು ಟಿಕೆಟ್‌ಗಳಲ್ಲಿ ಒಂದಕ್ಕೆ ಬಹುಮಾನ ಖಚಿತ’. ವಿದೇಶಗಳ ತ್ವರಿತ ಲಾಟರಿಗಳ ಇಂತಹ ಘೋಷಣೆ ಸುಳ್ಳಲ್ಲ. ಆದರೆ ಆ ಬಹುಮಾನ ಎಷ್ಟು ಎಂಬುದನ್ನು ಪಟ್ಟಿಯಲ್ಲಿ ನೋಡಿದಾಗಲಷ್ಟೇ ಆಟದ ನಿಜಸ್ವರೂಪ ತಿಳಿಯುತ್ತದೆ.

ಕೆನೊ ಆಟದಲ್ಲಿ 1ರಿಂದ 80ರವರೆಗಿನ ಸಂಖ್ಯೆಗಳಿರುತ್ತವೆ. ಪ್ರತಿ ಡ್ರಾದಲ್ಲಿ 20 ಸಂಖ್ಯೆಗಳನ್ನು ಎತ್ತಲಾಗುತ್ತದೆ. ಆಟಗಾರ ಆರಿಸಿದ ಸಂಖ್ಯೆಗಳಲ್ಲಿ ಎಷ್ಟು ಹೊಂದುತ್ತವೆ ಎಂಬುದರ ಮೇಲೆ, ಮೊದಲೇ ನಿಗದಿಯಾದ ಪಟ್ಟಿಯಂತೆ ಹಣ ದೊರೆಯುತ್ತದೆ.

10 ಸಾವಿರ ಟಿಕೆಟ್‌ಗಳ ಲೆಕ್ಕ

ಒಂದು ಡಾಲರ್ ಟಿಕೆಟಿನಲ್ಲಿ ನಾಲ್ಕು ಸಂಖ್ಯೆ ಆರಿಸುವ ಆಟವನ್ನು ಉದಾಹರಣೆಯಾಗಿ ನೋಡಬಹುದು. ನಾಲ್ಕೂ ಹೊಂದಿದರೆ 55 ಡಾಲರ್, ಮೂರು ಹೊಂದಿದರೆ 5 ಡಾಲರ್, ಎರಡು ಹೊಂದಿದರೆ 1 ಡಾಲರ್ ಎಂದು ಪಟ್ಟಿಯಲ್ಲಿದೆ ಎಂದುಕೊಳ್ಳೋಣ.

ಇಂತಹ 10,000 ಟಿಕೆಟ್‌ಗಳಲ್ಲಿ ಸರಾಸರಿ 31ಕ್ಕೆ ನಾಲ್ಕೂ ಸಂಖ್ಯೆಗಳು, 432ಕ್ಕೆ ಮೂರು, 2,126ಕ್ಕೆ ಎರಡು ಹೊಂದುತ್ತವೆ. ಹೀಗೆ 2,589 ಟಿಕೆಟ್‌ಗಳು, ಅಂದರೆ ನಾಲ್ಕರಲ್ಲೊಂದಕ್ಕಿಂತ ತುಸು ಹೆಚ್ಚು, ‘ಗೆಲ್ಲುತ್ತವೆ’. ಆದರೆ ಅವುಗಳಲ್ಲಿ ಶೇ 82ರಷ್ಟು ಟಿಕೆಟ್‌ಗಳಿಗೆ ಸಿಗುವುದು ಕೊಟ್ಟ ಒಂದು ಡಾಲರ್ ಮಾತ್ರ. ಒಟ್ಟು ಬಹುಮಾನ ಸುಮಾರು 6,000 ಡಾಲರ್. ಅಂದರೆ ಮಾರಾಟದ ಹಣದಲ್ಲಿ ಶೇ 60 ಹಿಂದಿರುಗುತ್ತದೆ, ಶೇ 40 ನಿರ್ವಾಹಕರಲ್ಲಿ ಉಳಿಯುತ್ತದೆ.

ಗೆದ್ದ ಹಣವನ್ನೇ ಮತ್ತೆ ತೊಡಗಿಸಿದರೆ ನಷ್ಟ ಬೆಳೆಯುತ್ತದೆ. 100 ಡಾಲರ್ ಸರಾಸರಿ ಮೊದಲ ಸುತ್ತಿನಲ್ಲಿ 60, ಎರಡನೆಯದರಲ್ಲಿ 36, ಮೂರನೆಯದರಲ್ಲಿ 22 ಡಾಲರ್‌ಗೆ ಇಳಿಯುತ್ತದೆ. ನ್ಯೂಯಾರ್ಕ್ ರಾಜ್ಯದ ಕೆನೊ ಮಾದರಿಯ ಆಟದಲ್ಲಿ ನಾಲ್ಕು ನಿಮಿಷಕ್ಕೊಂದು ಡ್ರಾ ನಡೆಯುವುದರಿಂದ ಇಂತಹ ಸುತ್ತುಗಳಿಗೆ ಹೆಚ್ಚು ಹೊತ್ತು ಬೇಕಿಲ್ಲ.

ಮುದ್ರಣದಲ್ಲೇ ನಿರ್ಧಾರ

ಸ್ಕ್ರ್ಯಾಚ್ ಕಾರ್ಡ್‌ನಲ್ಲಿ ಡ್ರಾ ಇಲ್ಲ. ಎಷ್ಟು ಕಾರ್ಡ್, ಯಾವ ಮೊತ್ತದ ಎಷ್ಟು ಬಹುಮಾನ ಎಂಬುದು ಮುದ್ರಣಕ್ಕೆ ಮುನ್ನವೇ ನಿಗದಿಯಾಗಿರುತ್ತದೆ. ಅಮೆರಿಕದ ರಾಜ್ಯ ಲಾಟರಿಗಳಲ್ಲಿ ಸಾಮಾನ್ಯವಾಗಿ ಶೇ 60ರಿಂದ 75ರಷ್ಟು ಹಣ ಬಹುಮಾನವಾಗಿ ಮರಳುತ್ತದೆ. ದುಬಾರಿ ಕಾರ್ಡ್‌ಗಳಲ್ಲಿ ಈ ಪ್ರಮಾಣ ಹೆಚ್ಚು. ಆದರೆ ಪ್ರತಿ ಕಾರ್ಡಿಗೆ ಕಳೆದುಕೊಳ್ಳುವ ಮೊತ್ತವೂ ಹೆಚ್ಚಾಗಬಹುದು.

ದೊಡ್ಡ ಬಹುಮಾನಗಳನ್ನು ಆರಂಭದಲ್ಲೇ ಯಾರಾದರೂ ಗೆದ್ದರೆ, ಉಳಿದ ಕಾರ್ಡ್‌ಗಳ ಬೆಲೆ ಬದಲಾಗದಿದ್ದರೂ ಮೌಲ್ಯ ಕುಸಿಯುತ್ತದೆ. ಹೀಗಾಗಿ ಹಲವು ಲಾಟರಿ ಸಂಸ್ಥೆಗಳು ಉಳಿದಿರುವ ಬಹುಮಾನಗಳ ಪಟ್ಟಿಯನ್ನು ಪ್ರಕಟಿಸುತ್ತವೆ. ಜಾಕ್‌ಪಾಟ್‌ಗೆ ಒಂದು ಸಂಖ್ಯೆ ಮಾತ್ರ ಕಡಿಮೆ ಇದ್ದಂತೆ ಕಾಣುವ ಕಾರ್ಡ್ ಕೂಡ ಸೋತ ಕಾರ್ಡೇ. ಮುಂದಿನ ಕಾರ್ಡಿನ ಬಗ್ಗೆ ಅದು ಏನನ್ನೂ ಸೂಚಿಸುವುದಿಲ್ಲ.

ಕರ್ನಾಟಕದಲ್ಲಿ

ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಕಾನೂನು ಅನುಮತಿಸುವ ದೇಶಗಳಲ್ಲಿ ಇಂತಹ ಟಿಕೆಟ್ ಕೊಳ್ಳುವವರು ಗಮನಿಸಬೇಕಾದುದು ಗೆಲ್ಲುವ ಸಾಧ್ಯತೆಯನ್ನಷ್ಟೇ ಅಲ್ಲ, ಟಿಕೆಟಿನ ಬೆಲೆಗಿಂತ ಹೆಚ್ಚಿನ ಹಣ ಸಿಗುವ ಸಾಧ್ಯತೆಯನ್ನು. ಮೇಲಿನ ಉದಾಹರಣೆಯಲ್ಲಿ ಅದು 22ರಲ್ಲಿ ಒಂದು ಮಾತ್ರ.