ರಾಬಿನ್ ಸೇಜ್‌ಳ ಮುನ್ನೂರು ಪರಿಚಯಸ್ಥರು

2009ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆ, ಗುಪ್ತಚರ ಇಲಾಖೆ, ರಕ್ಷಣಾ ಕಂಪನಿಗಳಲ್ಲಿದ್ದ ಹಲವರಿಗೆ ಲಿಂಕ್ಡ್‌ಇನ್, ಫೇಸ್‌ಬುಕ್‌ಗಳಲ್ಲಿ ರಾಬಿನ್ ಸೇಜ್ ಎಂಬ ಯುವತಿಯಿಂದ ಕೋರಿಕೆ ಬರತೊಡಗಿತು. ವಯಸ್ಸು 25, ಓದಿದ್ದು ಎಂಐಟಿಯಲ್ಲಿ, ಕೆಲಸ ನೌಕಾಪಡೆಯ ಸೈಬರ್ ವಿಭಾಗದಲ್ಲಿ, ಅನುಭವ 10 ವರ್ಷ. ಅಂದರೆ ಹದಿನೈದಕ್ಕೇ ಕೆಲಸಕ್ಕೆ ಸೇರಿರಬೇಕು! ಈ ಲೆಕ್ಕ ಹಾಕಿದವರು ಕಡಿಮೆ. ರಾಬಿನ್ ಸೇಜ್ ಎಂಬುದು ಅಲ್ಲಿನ ಸೇನೆಯ ವಿಶೇಷ ಪಡೆಗಳ ತರಬೇತಿಯೊಂದರ ಹೆಸರು ಎಂಬುದನ್ನೂ ಹೆಚ್ಚಿನವರು ಗಮನಿಸಲಿಲ್ಲ.

ಅಂಥ ಹುಡುಗಿಯೇ ಇರಲಿಲ್ಲ. ಥಾಮಸ್ ರಯಾನ್ ಎಂಬ ಭದ್ರತಾ ತಜ್ಞ ಪ್ರಯೋಗಕ್ಕೆಂದು ಅವಳನ್ನು ಹುಟ್ಟುಹಾಕಿದ್ದ. ಸುಮಾರು ಒಂದು ತಿಂಗಳಲ್ಲಿ ಅವಳ ಬಳಗ ಮುನ್ನೂರರ ಹತ್ತಿರ ಬಂತು. ಕೆಲಸದ ಆಹ್ವಾನ ಬಂತು, ಊಟದ ಆಹ್ವಾನ ಬಂತು, ಪರಿಶೀಲಿಸಿ ಕೊಡಿ ಎಂದು ಖಾಸಗಿ ದಾಖಲೆಗಳೂ ಬಂದವು. ಸೈನಿಕರು ಹಾಕಿದ್ದ ಫೋಟೊಗಳಿಂದ ಅವರ ತುಕಡಿ ಎಲ್ಲಿದೆ ಎಂಬುದೂ ತಿಳಿಯಿತು.

ಇಷ್ಟು ಜನ ನಂಬಿದ್ದು ಹೇಗೆ? ಮೊದಲು ಒಪ್ಪಿದವರು ಮುಂದಿನವರಿಗೆ ಜಾಮೀನಾದರು. 'ನಿಮ್ಮಿಬ್ಬರಿಗೂ ಪರಿಚಯವಿರುವವರು' ಎಂಬ ಸಾಲಿನಲ್ಲಿ ಗೊತ್ತಿರುವ ಹೆಸರು ಕಂಡರೆ, ಅವರು ವಿಚಾರಿಸಿಯೇ ಸೇರಿಸಿಕೊಂಡಿರುತ್ತಾರೆ ಅಂದುಕೊಳ್ಳುತ್ತೇವೆ. ಅವರೂ ಬೇರೆ ಯಾರದೋ ಹೆಸರು ನೋಡಿ ಹಾಗೇ ಅಂದುಕೊಂಡಿರುತ್ತಾರೆ.

ಆದರೆ ಎರಡನೇ ದಿನವೇ ಕೆಲವರಿಗೆ ಗುಟ್ಟು ತಿಳಿದಿತ್ತು. ಒಬ್ಬರು ಅವಳು ಕೊಟ್ಟ ಫೋನ್ ನಂಬರನ್ನು ಪರೀಕ್ಷಿಸಿದರು, ಇನ್ನೊಬ್ಬರು ಇಮೇಲ್ ವಿಳಾಸವನ್ನು, ಮತ್ತೊಬ್ಬರು ಎಂಐಟಿಯ ಹಳೆಯ ವಿದ್ಯಾರ್ಥಿಗಳ ಬಳಗದಲ್ಲಿ ಹುಡುಕಿದರು. ಮೂವರೂ ಪ್ರೊಫೈಲಿನಿಂದ ಹೊರಗೆ ಹೋಗಿ ನೋಡಿದ್ದರು. ಆದರೆ ತಿಳಿದದ್ದನ್ನು ಎಲ್ಲರಿಗೂ ಮುಟ್ಟಿಸುವ ಒಂದು ಜಾಗವಿರಲಿಲ್ಲ. ಬಳಗ ಬೆಳೆಯುತ್ತಲೇ ಹೋಯಿತು.

ಇದೇ ವಿಶ್ವಾಸವನ್ನು ಕಳ್ಳರು ಉದ್ಯೋಗದಾತರ ವೇಷದಲ್ಲೂ ಬಳಸಿಕೊಂಡರು. 2022ರಲ್ಲಿ 'ಆಕ್ಸಿ ಇನ್ಫಿನಿಟಿ' ಆಟದ ಕಂಪನಿಯ ಎಂಜಿನಿಯರ್ ಒಬ್ಬರಿಗೆ ಲಿಂಕ್ಡ್‌ಇನ್ ಮೂಲಕ ಕೆಲಸದ ಕರೆ ಬಂದು, ಹಲವು ಸುತ್ತು ಸಂದರ್ಶನವಾಗಿ, ಕೊನೆಗೆ ಆಫರ್ ಲೆಟರಿನ ಪಿಡಿಎಫ್ ಬಂದಿತ್ತು ಎಂದು ವರದಿಯಾಯಿತು. ಅದನ್ನು ತೆರೆದದ್ದರಿಂದ ಕಂಪನಿಯ ಜಾಲದೊಳಕ್ಕೆ ನುಗ್ಗಿದವರು ಕದ್ದ ಕ್ರಿಪ್ಟೊ ಹಣದ ಮೌಲ್ಯ 50 ಕೋಟಿ ಡಾಲರಿಗೂ ಹೆಚ್ಚು.

ನನ್ನಂಥ ಅನುವಾದಕರಿಂದ ಕದಿಯುವುದು ಹಣಕ್ಕಿಂತ ಹೆಚ್ಚಾಗಿ ಬಯೋಡೇಟಾ. ನಮ್ಮ ಅನುಭವಕ್ಕೆ ತಮ್ಮ ಇಮೇಲ್ ಅಂಟಿಸಿ ಬೇರೆಡೆ ಕೆಲಸ ಗಿಟ್ಟಿಸುತ್ತಾರೆ. ಕಳೆದ ವರ್ಷ ಒಂದು ಏಜೆನ್ಸಿಯ ಹೆಸರಿನಲ್ಲಿ ಬಂದ ಮಹಿಳೆ ಬಯೋಡೇಟಾ ಜೊತೆಗೆ ಆಧಾರ್, ಪ್ಯಾನ್ ಪ್ರತಿಗಳನ್ನೂ ಕೇಳಿದರು. ದರದ ಮಾತೇ ಆಗಿರಲಿಲ್ಲ. ನಮ್ಮಿಬ್ಬರಿಗೂ ಪರಿಚಯದವರು ನಾಲ್ಕು ಜನ ಇದ್ದರು. ಅವರು ಕೊಟ್ಟ ನಂಬರ್ ಬಿಟ್ಟು, ಏಜೆನ್ಸಿಯ ವೆಬ್‌ಸೈಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ" ಅಂದರು.

ಕೋರಿಕೆ ತಿರಸ್ಕರಿಸಿದೆ. ಆಮೇಲೆ ಆ ನಾಲ್ವರಿಗೂ ಒಂದೊಂದು ಮೆಸೇಜ್ ಹಾಕಿದೆ. ಅವರಲ್ಲಿ ಒಬ್ಬರು ಆಗಲೇ ಪ್ಯಾನ್ ಕಳಿಸಿಬಿಟ್ಟಿದ್ದರು. ಆಕೆಯನ್ನು ನಂಬಿದ್ದು ಯಾಕೆ ಅಂದರೆ, ಪಟ್ಟಿಯಲ್ಲಿ ನನ್ನ ಇನ್ನೊಬ್ಬ ಗೆಳತಿಯ ಹೆಸರಿತ್ತಂತೆ.